ರಷ್ಯಾದ ಬೀಗರ ಮುಂದೆ ಎಂಟು ವಾಕ್ಯ: ಕನ್ನಡದ ಮದುಮಗ ರಷ್ಯನ್‌ನಲ್ಲಿ ಟೋಸ್ಟ್ ಹೇಳುವುದು ಹೇಗೆ?

ನಮ್ಮ ಕಡೆ ಮದುವೆಯಲ್ಲಿ ಮದುಮಗ ಭಾಷಣ ಮಾಡುವುದಿಲ್ಲ. ಪುರೋಹಿತರು ಹೇಳಿದ್ದನ್ನು ಹೇಳಿದರೆ ಸಾಕು, ಅರ್ಥ ಗೊತ್ತಿರಲೇಬೇಕು ಅಂತೇನಿಲ್ಲ. ರಷ್ಯನ್ ಹುಡುಗಿಯನ್ನು ಮದುವೆಯಾದವನಿಗೆ ಇಷ್ಟರಲ್ಲಿ ಮುಗಿಯುವುದಿಲ್ಲ. ಊಟದ ಮಧ್ಯೆ ಮೈಕ್ ಕೈಗೆ ಬರುತ್ತದೆ, ಮಾತಾಡಬೇಕಾಗುತ್ತದೆ. ಇಲ್ಲೂ ಬೇರೆಯವರ ಭಾಷೆಯನ್ನು ಬಾಯಿಪಾಠ ಮಾಡಿಯೇ ಹೇಳುವುದು. ಆದರೆ ಕೇಳುವವರಿಗೆ ಒಂದೊಂದು ಪದವೂ ಅರ್ಥವಾಗುತ್ತದೆ ಎನ್ನುವುದೇ ವ್ಯತ್ಯಾಸ.

ಮೆಡಿಕಲ್ ಓದಲು ರಷ್ಯಾಕ್ಕೆ ಹೋದ ಹುಡುಗರಿದ್ದಾರೆ, ಬೇರೆ ದೇಶದ ಆಫೀಸಿನಲ್ಲಿ ರಷ್ಯನ್ ಹುಡುಗಿಯ ಪಕ್ಕ ಕೂತು ಕೆಲಸ ಮಾಡುವವರಿದ್ದಾರೆ. ಹಾಗಾಗಿ ಈ ಪ್ರಶ್ನೆ ಈಗ ಒಂದೆರಡು ಮನೆಯದ್ದಷ್ಟೇ ಅಲ್ಲ. ರಷ್ಯನ್ ಬಾರದ ಕನ್ನಡದ ಮದುಮಗ ಹುಡುಗಿಯ ಮನೆಯವರಿಗಾಗಿ ಒಂದು ಚಿಕ್ಕ ಟೋಸ್ಟ್ ಹೇಳಬೇಕು. ಅದನ್ನು ಕಟ್ಟುವುದು ಹೇಗೆ, ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂದು ನೋಡೋಣ.

## ಟೋಸ್ಟ್ ಅಂದರೇನು, ಯಾವಾಗ ಬರುತ್ತದೆ?

ರಷ್ಯಾದಲ್ಲಿ ಕಾನೂನಿನ ಪ್ರಕಾರ ಮದುವೆ ಆಗುವುದು 'ಜ಼ಾಗ್ಸ್' ಎಂಬ ನೋಂದಣಿ ಕಚೇರಿಯಲ್ಲಿ. ಆಮೇಲೆ ಔತಣ. ಔತಣದ ಮೇಜಿನಲ್ಲಿ ಯಾರೂ ಸುಮ್ನೆ ಗ್ಲಾಸ್ ಎತ್ತಿ ಕುಡಿಯುವುದಿಲ್ಲ. ಒಬ್ಬರು ಎದ್ದು ನಿಂತು ನಾಲ್ಕು ಮಾತಾಡಿ, ಯಾರಿಗಾಗಿ ಕುಡಿಯುತ್ತಿದ್ದೇವೆ ಎಂದು ಹೇಳುತ್ತಾರೆ. ಆಮೇಲೆ ಎಲ್ಲರೂ ಗ್ಲಾಸಿಗೆ ಗ್ಲಾಸು ತಾಗಿಸಿ ಕುಡಿಯುತ್ತಾರೆ. ಇದೇ ಟೋಸ್ಟ್.

ಇದನ್ನೆಲ್ಲ ನಡೆಸಿಕೊಡುವವನನ್ನು 'ತಮದಾ' ಎನ್ನುತ್ತಾರೆ. ಜಾರ್ಜಿಯನ್ ಭಾಷೆಯಿಂದ ಬಂದ ಪದ. ಈಗಿನ ಮದುವೆಗಳಲ್ಲಿ 'ವೆದೂಶ್ಶಿ' ಅಂತಲೂ ಕರೆಯುತ್ತಾರೆ, ನಮ್ಮ ನಿರೂಪಕರ ಹಾಗೆ. ಸಾಮಾನ್ಯವಾಗಿ ಮೊದಲ ಟೋಸ್ಟ್ ಮದುಮಕ್ಕಳಿಗೆ. ಆಮೇಲೆ ಎರಡೂ ಕಡೆಯ ಅಪ್ಪ ಅಮ್ಮಂದಿರು ಮಾತಾಡುತ್ತಾರೆ. ಅವರ ಮಾತಿಗೆ ಉತ್ತರವಾಗಿ ಮದುಮಗನ ಸರದಿ. ಅವನು ಮಾಡಬೇಕಾದ ಕೆಲಸ ಒಂದೇ: ಹುಡುಗಿಯನ್ನು ಹೆತ್ತು ಸಾಕಿದವರಿಗೆ ಥ್ಯಾಂಕ್ಸ್ ಹೇಳಿ, ಅವರ ಹೆಸರಲ್ಲಿ ಗ್ಲಾಸ್ ಎತ್ತುವುದು. ತನ್ನ ಪ್ರೇಮಕಥೆ ಹೇಳುವುದಲ್ಲ.

ತನ್ನ ಸರದಿ ಬಂತು ಎಂದು ಗೊತ್ತಾಗುವುದು ಹೇಗೆ? ನಿರೂಪಕ 'ಸ್ಲೋವ ಪ್ರಿದಸ್ತವ್ಲ್ಯಾಯೆತ್ಸ ಝೆನಿಖೂ' ಎನ್ನಬಹುದು. 'ಈಗ ಮದುಮಗನ ಮಾತು' ಎಂದರ್ಥ. ಉಳಿದದ್ದು ಹೇಗೇ ಇರಲಿ, 'ಝೆನಿಖ್' ಎಂಬ ಪದಕ್ಕೆ ಕಿವಿ ಕೊಟ್ಟಿರಬೇಕು. ಅದು ಮದುಮಗ. ಮದುವೆಗೆ ಮುಂಚೆಯೇ ನಿರೂಪಕನ ಹತ್ತಿರ ಮಾತಾಡಿ, ನನ್ನ ಸರದಿ ಯಾರ ನಂತರ ಎಂದು ಕೇಳಿಟ್ಟುಕೊಂಡರೆ ಇನ್ನೂ ಒಳ್ಳೆಯದು.

## ಅತ್ತೆ ಮಾವನನ್ನು ಏನಂತ ಕರೆಯಬೇಕು?

ಜಾಸ್ತಿ ಜನ ಎಡವುವುದು ಮೊದಲ ವಾಕ್ಯದಲ್ಲೇ. ಕನ್ನಡದಲ್ಲಿ ಅತ್ತೆ, ಮಾವ ಎಂದು ನೇರವಾಗಿ ಕರೆಯಬಹುದು. ಮದುಮಗ ನಿಘಂಟಿನಲ್ಲಿ ಅದಕ್ಕೆ ರಷ್ಯನ್ ಪದ ಹುಡುಕುತ್ತಾನೆ. ಅಲ್ಲಿ ಎರಡು ತೊಂದರೆ ಕಾದಿರುತ್ತವೆ.

ಒಂದು, ರಷ್ಯನ್‌ನಲ್ಲಿ ಹೆಂಡತಿಯ ಅಮ್ಮ ಬೇರೆ, ಗಂಡನ ಅಮ್ಮ ಬೇರೆ. ಹೆಂಡತಿಯ ಅಮ್ಮ 'ತ್ಯೋಶ್ಶ', ಅಪ್ಪ 'ತೆಸ್ತ್'. ಗಂಡನ ಅಮ್ಮ 'ಸ್ವಿಕ್ರೋಫ್', ಅಪ್ಪ 'ಸ್ವ್ಯೋಕರ್'. ಇಂಗ್ಲಿಷ್ ಮೂಲಕ ಹುಡುಕಿದರೆ ಈ ಎರಡು ಜೋಡಿಯಲ್ಲಿ ಯಾವುದು ಬೇಕಾದರೂ ಸಿಗಬಹುದು. ತಪ್ಪು ಜೋಡಿ ಹಿಡಿದವನು ತುಂಬಿದ ಸಭೆಯಲ್ಲಿ ಹುಡುಗಿಯ ಅಮ್ಮನಿಗೆ 'ನನ್ನ ಗಂಡನ ಅಮ್ಮ' ಎಂದಂತಾಗುತ್ತದೆ.

ಎರಡು, ಸರಿಯಾದ ಪದ ಸಿಕ್ಕಿದರೂ ಎದುರಿಗಿದ್ದವರನ್ನು ಆ ಪದದಿಂದ ಕರೆಯುವ ರೂಢಿ ಇಲ್ಲ. 'ಇವರು ನಮ್ಮ ತ್ಯೋಶ್ಶ' ಎಂದು ಮೂರನೆಯವರಿಗೆ ಪರಿಚಯ ಮಾಡಿಕೊಡಬಹುದು, ಅಷ್ಟೆ. ಮೇಲಾಗಿ ರಷ್ಯಾದಲ್ಲಿ ತ್ಯೋಶ್ಶನ ಮೇಲೆ ಜೋಕುಗಳು ರಾಶಿ ರಾಶಿ. ಟೋಸ್ಟಿನಲ್ಲಿ ಆ ಪದ ಬಂದ ತಕ್ಷಣ ಕೂತವರು ನಗಲು ರೆಡಿಯಾಗುತ್ತಾರೆ.

ಹಾಗಾದರೆ ಏನಂತ ಕರೆಯಬೇಕು? ಹೆಸರು ಮತ್ತು ಅಪ್ಪನ ಹೆಸರು ಸೇರಿಸಿ. ರಷ್ಯನ್ನರಿಗೆ ಮೂರು ಹೆಸರು ಇರುತ್ತವೆ: ತಮ್ಮ ಹೆಸರು, ಅಪ್ಪನ ಹೆಸರಿಂದ ಬಂದ ಹೆಸರು, ಮನೆತನದ ಹೆಸರು. ಎರಡನೆಯದನ್ನು 'ಓತ್ಚಿಸ್ತ್ವ' ಎನ್ನುತ್ತಾರೆ. ಅಪ್ಪ ಪ್ಯೋತ್ರ್ ಆಗಿದ್ದರೆ ಮಗಳು ಪೆತ್ರೋವ್ನ, ಮಗ ಪೆತ್ರೋವಿಚ್. ದೊಡ್ಡವರನ್ನು ಗೌರವದಿಂದ ಕರೆಯುವಾಗ ಮೊದಲ ಎರಡನ್ನು ಜೋಡಿಸಿ ಹೇಳುತ್ತಾರೆ. ನಾವು ಹೆಸರಿನ ಮುಂದೆ 'ಅವರೇ' ಸೇರಿಸುವ ಕೆಲಸವನ್ನು ಅಲ್ಲಿ ಅಪ್ಪನ ಹೆಸರು ಮಾಡುತ್ತದೆ.

ಹುಡುಗಿ ಆನ್ಯ, ಅವಳ ಅಮ್ಮ ಇರೀನ ಪೆತ್ರೋವ್ನ, ಅಪ್ಪ ಸೆರ್ಗೇಯ್ ನಿಕಲಾಯೆವಿಚ್ ಎಂದಿಟ್ಟುಕೊಳ್ಳೋಣ. ಟೋಸ್ಟ್ ಶುರುವಾಗಬೇಕಾದದ್ದು ಈ ಎರಡು ಪೂರ್ತಿ ಹೆಸರುಗಳಿಂದ. ಕೆಲವು ಮನೆಗಳಲ್ಲಿ ಅಳಿಯಂದಿರು 'ಮಾಮ', 'ಪಾಪ' ಎನ್ನುತ್ತಾರೆ. ಅವರಾಗಿಯೇ ಹಾಗೆ ಕರೆ ಎಂದು ಹೇಳಿದ್ದರೆ ಮಾತ್ರ ಅದು ಚೆಂದ. ನಿಮ್ಮ ಮನೆಯಲ್ಲಿ ಏನು ರೂಢಿ ಎಂದು ಹುಡುಗಿಯನ್ನೇ ಕೇಳಬೇಕು.

ನೀನು, ನೀವು ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ಆರಾಮ. ರಷ್ಯನ್ನಿನ 'ತಿ' ನಮ್ಮ ನೀನು, 'ವಿ' ನಮ್ಮ ನೀವು. ಒಬ್ಬರಿಗೇ ಆದರೂ ಗೌರವ ಕೊಡಬೇಕಾದರೆ ಬಹುವಚನ. ಅತ್ತೆ ಮಾವನಿಗೆ 'ವಿ'. ಇದನ್ನು ಇಂಗ್ಲಿಷಿನವರಿಗೆ ವಿವರಿಸಬೇಕು, ನಮಗೆ ಬೇಕಿಲ್ಲ.

## ಟೋಸ್ಟ್ ಇಲ್ಲಿದೆ

ಓದುವ ಮುಂಚೆ ಒಂದು ಮಾತು. ರಷ್ಯನ್‌ನಲ್ಲಿ ಪ್ರತಿ ಪದದಲ್ಲೂ ಒಂದು ಸ್ವರದ ಮೇಲೆ ಒತ್ತು ಬೀಳುತ್ತದೆ, ಆ ಸ್ವರ ಸ್ವಲ್ಪ ಉದ್ದವಾಗುತ್ತದೆ. ಒತ್ತು ಇಂಥ ಕಡೆಯೇ ಬೀಳುತ್ತದೆ ಎಂಬ ನಿಯಮ ಇಲ್ಲ. ಪುಣ್ಯಕ್ಕೆ ಕನ್ನಡ ಲಿಪಿಯಲ್ಲಿ ದೀರ್ಘ ಇದೆ. ಕೆಳಗೆ ಎಲ್ಲಿ ದೀರ್ಘ ಇದೆಯೋ ಅಲ್ಲಿ ಒತ್ತು. ಉಳಿದದ್ದನ್ನೆಲ್ಲ ಗಿಡ್ಡವಾಗಿ, ಹಗುರವಾಗಿ ಹೇಳಬೇಕು.

ದರಗೀಯೆ ಇರೀನ ಪೆತ್ರೋವ್ನ ಇ ಸೆರ್ಗೇಯ್ ನಿಕಲಾಯೆವಿಚ್!
ಪ್ರೀತಿಯ ಇರೀನ ಪೆತ್ರೋವ್ನ ಮತ್ತು ಸೆರ್ಗೇಯ್ ನಿಕಲಾಯೆವಿಚ್ ಅವರೇ!

ಯಾ ಪಕಾ ಪ್ಲೋಖ ಗವರ್ಯೂ ಪ-ರೂಸ್ಕಿ, ಪಏತಮು ಸ್ಕಝೂ ಕೋರತ್ಕ.
ನನಗೆ ರಷ್ಯನ್ ಇನ್ನೂ ಸರಿಯಾಗಿ ಬರುವುದಿಲ್ಲ, ಅದಕ್ಕೆ ಚುಟುಕಾಗಿ ಹೇಳುತ್ತೇನೆ.

ಸ್ಪಸೀಬ, ಶ್ತೊ ವಿ ಪ್ರೀನಿಲಿ ಮಿನ್ಯಾ ಕಕ್ ಸೀನ.
ನನ್ನನ್ನು ಮಗನ ಹಾಗೆ ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್.

ಸ್ಪಸೀಬ ವಾಮ್ ಜ಼ ಆನ್ಯು.
ಆನ್ಯಳನ್ನು ಕೊಟ್ಟಿದ್ದಕ್ಕೆ ನಿಮಗೆ ಥ್ಯಾಂಕ್ಸ್.

ಯಾ ಲ್ಯುಬ್ಲ್ಯೂ ಯಿಯೋ ಇ ಬೂದು ಬಿರೇಚ್.
ನನಗೆ ಅವಳೆಂದರೆ ಪ್ರೀತಿ, ಜೋಪಾನವಾಗಿ ನೋಡಿಕೊಳ್ಳುತ್ತೇನೆ.

ನಾಶ್ ದೋಮ್ — ತಿಪೇರ್ ಇ ವಾಶ್ ದೋಮ್.
ನಮ್ಮ ಮನೆ ಇನ್ನು ಮೇಲೆ ನಿಮ್ಮ ಮನೆಯೂ ಹೌದು.

ಜ಼್ದರೋವ್ಯ ವಾಮ್ ಇ ಶ್ಶಾಸ್ತ್ಯ!
ನಿಮಗೆ ಆರೋಗ್ಯ, ಸುಖ ಸಿಗಲಿ!

ಯಾ ಪದ್ನಿಮಾಯು ಬಕಾಲ್ ಜ಼ ವಾಸ್!
ನಿಮಗಾಗಿ ಈ ಗ್ಲಾಸ್ ಎತ್ತುತ್ತಿದ್ದೇನೆ!

ಇಷ್ಟೇ. ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರೂ ಒಂದು ನಿಮಿಷ ದಾಟುವುದಿಲ್ಲ. ಎರಡನೇ ವಾಕ್ಯ ಬಿಟ್ಟರೂ ನಡೆಯುತ್ತದೆ ಅನ್ನಿಸಬಹುದು, ಆದರೆ ಇಟ್ಟುಕೊಳ್ಳುವುದೇ ಒಳ್ಳೆಯದು. ಆಮೇಲಿನ ಉಚ್ಚಾರದ ತಪ್ಪುಗಳನ್ನೆಲ್ಲ ಅದು ಮೊದಲೇ ಮಾಫಿ ಮಾಡಿಸುತ್ತದೆ. ಆರನೇ ವಾಕ್ಯ ಬಂದಾಗ ಶಿವಮೊಗ್ಗದಿಂದ ಬಂದ ದೊಡ್ಡಪ್ಪ 'ಇದೇನೋ ಮನೆ ನಾಶ ಅಂತಿದಾನೆ' ಎಂದು ತಿರುಗಿ ನೋಡಬಹುದು. 'ನಾಶ್' ಅಂದರೆ 'ನಮ್ಮ' ಎಂದು ಅವರಿಗೆ ಮೊದಲೇ ಹೇಳಿಡಿ.

## 'ಆನ್ಯ' ಯಾಕೆ 'ಆನ್ಯು' ಆದಳು?

ಇದು ಅಚ್ಚಿನ ತಪ್ಪಲ್ಲ, ವಿಭಕ್ತಿ. ಕನ್ನಡದಲ್ಲಿ 'ಆನ್ಯ' ಇದ್ದದ್ದು 'ಆನ್ಯಳನ್ನು' ಆಗುತ್ತದಲ್ವಾ, ಹಾಗೆಯೇ ರಷ್ಯನ್‌ನಲ್ಲೂ ಪದದ ಬಾಲ ಬದಲಾಗುತ್ತದೆ. ಟೋಸ್ಟಿನಲ್ಲಿ ಮುಖ್ಯ ಪದ 'ಜ಼'. ಇಲ್ಲಿ ಅದರ ಅರ್ಥ 'ಇವರಿಗಾಗಿ'. ಅದರ ಮುಂದೆ ಬರುವ ಹೆಸರು ನಮ್ಮ 'ಅನ್ನು' ವಿಭಕ್ತಿಗೆ ಹೋಗುತ್ತದೆ.

ನಿಯಮ ಚಿಕ್ಕದು. 'ಅ' ಕಾರದಲ್ಲಿ ಮುಗಿಯುವ ಹೆಂಗಸರ ಹೆಸರು 'ಉ' ಆಗುತ್ತದೆ: ಆನ್ಯ, ಜ಼ ಆನ್ಯು. ವ್ಯಂಜನದಲ್ಲಿ ಮುಗಿಯುವ ಗಂಡಸರ ಹೆಸರಿಗೆ 'ಅ' ಸೇರುತ್ತದೆ: ನಿಕಲಾಯೆವಿಚ್, ಜ಼ ನಿಕಲಾಯೆವಿಚ. ಹಾಗಾಗಿ ಕೊನೆಯ ವಾಕ್ಯದಲ್ಲಿ 'ನಿಮಗಾಗಿ' ಬದಲು ಹೆಸರನ್ನೇ ಹೇಳುವ ಆಸೆ ಇದ್ದರೆ ಅದು 'ಜ಼ ಇರೀನು ಪೆತ್ರೋವ್ನು ಇ ಸೆರ್ಗೇಯ ನಿಕಲಾಯೆವಿಚ' ಆಗುತ್ತದೆ. ನಾಲ್ಕು ಪದದ ಬಾಲವೂ ಬದಲಾಯಿತು. ಗಾಬರಿಯಲ್ಲಿ ಇದು ಕೈಕೊಡುತ್ತದೆ ಎಂದೇ ಮೇಲಿನ ಟೋಸ್ಟಿನಲ್ಲಿ 'ಜ಼ ವಾಸ್' ಎಂದು ಮುಗಿಸಿದ್ದು.

ಈ ನಿಯಮದಿಂದಲೇ ಕನ್ನಡಿಗರಿಗೆ ಒಂದು ತೊಂದರೆ ಹುಟ್ಟುತ್ತದೆ. ನಮಗೆ ವ್ಯಂಜನದಲ್ಲಿ ಪದ ಮುಗಿಸಿ ರೂಢಿ ಇಲ್ಲ. ಬಸ್ ಅನ್ನು ಬಸ್ಸು ಮಾಡುತ್ತೇವೆ, ಕಾರ್ ಅನ್ನು ಕಾರು ಮಾಡುತ್ತೇವೆ. ಅದೇ ನಾಲಿಗೆ ದೋಮ್ ಅನ್ನು 'ದೋಮು', ಬಕಾಲ್ ಅನ್ನು 'ಬಕಾಲು' ಮಾಡುತ್ತದೆ. ರಷ್ಯನ್‌ನಲ್ಲಿ ಆ ಕೊನೆಯ 'ಉ' ಸುಮ್ನೆ ಇರುವುದಿಲ್ಲ, ಅದೂ ಒಂದು ವಿಭಕ್ತಿ. 'ದೋಮು' ಎಂದರೆ 'ಮನೆಗೆ', 'ಬಕಾಲು' ಎಂದರೆ 'ಗ್ಲಾಸಿಗೆ'. ಕೇಳುವವರಿಗೆ ಅರ್ಥ ಆಗದೇ ಇರುವುದಿಲ್ಲ, ಆದರೆ ಒಂದು ಕ್ಷಣ ಕಕ್ಕಾಬಿಕ್ಕಿ ಆಗುತ್ತಾರೆ. 'ದೋಮ್' ಎಂದ ಕೂಡಲೇ ತುಟಿ ಮುಚ್ಚಿಕೊಂಡೇ ಇರಬೇಕು. ಕನ್ನಡಿ ಮುಂದೆ ನಿಂತು ಹೇಳಿದರೆ ತುಟಿ ತೆರೆಯಿತೋ ಇಲ್ಲವೋ ಕಾಣುತ್ತದೆ.

## ನಾಲಿಗೆಗೆ ಹೊಸದಾದ ಎರಡು ಸದ್ದು

ತ, ದ, ರ ಮೂರೂ ನಮ್ಮವೇ. ಇಂಗ್ಲಿಷಿನ ಹಾಗೆ ಟ, ಡ ಮಾಡಬೇಡಿ, ಹಲ್ಲಿಗೆ ತಾಗಿಸಿ 'ದೋಮ್' ಎಂದರೆ ಸರಿಯಾಗಿರುತ್ತದೆ. ಹೆಚ್ಚು ತೊಂದರೆ ಕೊಡುವುದು ಎರಡು.

ಮೊದಲನೆಯದು ಚುಕ್ಕಿ ಇಟ್ಟ 'ಜ಼'. ಇದು 'ಜಾತ್ರೆ'ಯ ಜ ಅಲ್ಲ. 'ಸ' ಹೇಳುತ್ತಾ ಇದ್ದ ಹಾಗೆಯೇ ಗಂಟಲಲ್ಲಿ ಗುಂಯ್ ಅನ್ನಿಸಿದರೆ ಬರುವ ಸದ್ದು. ಟೋಸ್ಟಿನ ಮುಖ್ಯ ಪದದಲ್ಲೇ ಇದು ಇರುವುದರಿಂದ ಒಂದಿಷ್ಟು ಕಷ್ಟಪಟ್ಟರೂ ನಷ್ಟವಿಲ್ಲ.

ಎರಡನೆಯದು 'ವಿ', 'ಸೀನ' ಪದಗಳಲ್ಲಿರುವ ಸ್ವರ. ಕನ್ನಡದಲ್ಲಿ ಬರೆಯಲು ಅಕ್ಷರ ಇಲ್ಲದ್ದರಿಂದ 'ಇ' ಎಂದು ಬರೆದಿದ್ದೇನೆ, ನಿಜವಾಗಿ ಅದು 'ಇ' ಅಲ್ಲ. 'ಉ' ಹೇಳಲು ಹೊರಟು, ತುಟಿ ಗುಂಡಗೆ ಮಾಡದೆ ಅಗಲ ಮಾಡಿದರೆ ಹತ್ತಿರ ಬರುತ್ತದೆ. ತುಳು ಮಾತಾಡುವವರು ಇಲ್ಲಿ ಗೆದ್ದರು. ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ 'ಉ' ಇದಕ್ಕೆ ತೀರಾ ಹತ್ತಿರ. ಮಂಗಳೂರಿನ ಹುಡುಗ 'ವಿ' ಎಂದರೆ ಬೆಂಗಳೂರಿನ ಹುಡುಗನಿಗಿಂತ ಚೆನ್ನಾಗಿ ಕೇಳಬಹುದು.

ಇನ್ನು 'ಒ' ಎಂದು ಬರೆದು 'ಅ' ಎಂದು ಓದುವುದು. ಒತ್ತು ಬೀಳದ 'ಒ' ರಷ್ಯನ್‌ನಲ್ಲಿ 'ಅ' ಥರ ಆಗುತ್ತದೆ. 'ದರಗೀಯೆ' ಬರಹದಲ್ಲಿ ದೊರೊಗೀಯೆ, 'ಬಕಾಲ್' ಬರಹದಲ್ಲಿ ಬೊಕಾಲ್. ಹಾಗಾಗಿ ರಷ್ಯನ್ ಅಕ್ಷರ ಕಲಿತು ಅದನ್ನು ನೋಡಿ ಓದುವವನಿಗಿಂತ, ಕಿವಿಯಿಂದ ಕೇಳಿ ಕನ್ನಡದಲ್ಲಿ ಬರೆದುಕೊಂಡವನಿಗೇ ಈ ಒಂದು ದಿನದ ಮಟ್ಟಿಗೆ ಅನುಕೂಲ ಜಾಸ್ತಿ.

## ಹುಡುಗಿಯ ದನಿಯಲ್ಲಿ ಕಲಿತರೆ ಏನಾಗುತ್ತದೆ?

ಸಾಮಾನ್ಯವಾಗಿ ಹುಡುಗಿಯೇ ವಾಕ್ಯಗಳನ್ನು ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಹುಡುಗ ಅದನ್ನೇ ಕೇಳಿ ಕೇಳಿ ಕಲಿಯುತ್ತಾನೆ. ಇಲ್ಲಿ ಒಂದು ಗುಂಡಿ ಇದೆ.

ಕನ್ನಡದಲ್ಲಿ 'ನಾನು ಬಂದೆ' ಎಂದು ಗಂಡೂ ಹೇಳಬಹುದು, ಹೆಣ್ಣೂ ಹೇಳಬಹುದು. ರಷ್ಯನ್‌ನಲ್ಲಿ ಭೂತಕಾಲದ ಕ್ರಿಯಾಪದಕ್ಕೂ, 'ಖುಷಿಯಾಗಿದ್ದೇನೆ' ಎನ್ನುವಂಥ ಮಾತಿಗೂ ಲಿಂಗ ಇದೆ, 'ನಾನು' ಎಂದು ಹೇಳುವಾಗಲೂ. ಗಂಡಸು 'ಯಾ ರಾತ್' ಎನ್ನಬೇಕು, ಹೆಂಗಸು 'ಯಾ ರಾದ' ಎನ್ನುತ್ತಾಳೆ. ಎರಡಕ್ಕೂ ನನಗೆ ಖುಷಿ ಎಂದೇ ಅರ್ಥ. ಹುಡುಗಿ ತನಗೆ ಬಾಯಿಗೆ ಬಂದಂತೆ 'ಯಾ ರಾದ' ಎಂದು ರೆಕಾರ್ಡ್ ಮಾಡಿರುತ್ತಾಳೆ. ಮೀಸೆ ಹೊತ್ತ ಮದುಮಗ ಸಭೆಯಲ್ಲಿ ಅದನ್ನೇ ಹೇಳುತ್ತಾನೆ. ಇಡೀ ಮೇಜು ನಗುತ್ತದೆ.

ಮೇಲಿನ ಟೋಸ್ಟಿನಲ್ಲಿ 'ನಾನು' ಬರುವ ವಾಕ್ಯಗಳೆಲ್ಲ ಈಗ ಅಥವಾ ಮುಂದೆ ನಡೆಯುವ ಮಾತುಗಳೇ. ಗಂಡು ಹೇಳಿದರೂ ಹೆಣ್ಣು ಹೇಳಿದರೂ ಅವುಗಳ ರೂಪ ಒಂದೇ. 'ಪ್ರೀನಿಲಿ' ಭೂತಕಾಲ ಹೌದು, ಆದರೆ ಅದು 'ನೀವು' ಜೊತೆ ಬರುವ ಬಹುವಚನ, ಅಲ್ಲಿ ಲಿಂಗ ಇಲ್ಲ. ನಿಮ್ಮದೇ ಒಂದು ವಾಕ್ಯ ಸೇರಿಸುವುದಾದರೆ ಹುಡುಗಿಗೆ ಇದನ್ನು ನೆನಪಿಸಿ, ಸಾಧ್ಯವಾದರೆ ಅವಳ ಅಣ್ಣನೋ ತಮ್ಮನೋ ಹೇಳಿ ರೆಕಾರ್ಡ್ ಮಾಡಲಿ.

ಕಲಿತಾಯಿತು, ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಹುಡುಗಿಯ ಮುಂದೆ ಹೇಳಿ ನೋಡಿದರೆ ಪ್ರಯೋಜನ ಕಮ್ಮಿ. ಅವಳಿಗೆ ವಾಕ್ಯ ಮೊದಲೇ ಗೊತ್ತು, ಕಿವಿ ತಾನೇ ತಿದ್ದಿಕೊಳ್ಳುತ್ತದೆ. ಈ ಟೋಸ್ಟನ್ನು ಕೇಳದ ಇನ್ನೊಬ್ಬ ರಷ್ಯನ್‌ಗೆ ಫೋನಿನಲ್ಲಿ ಹೇಳಿ, ಕೇಳಿಸಿದ್ದನ್ನು ಬರೆದುಕೊಳ್ಳಲು ಹೇಳಿ. ಅವರು ಎಲ್ಲಿ ಖಾಲಿ ಬಿಟ್ಟರೋ ಆ ಪದದಲ್ಲಿ ಒತ್ತು ತಪ್ಪು ಜಾಗಕ್ಕೆ ಬಿದ್ದಿರುವ ಸಾಧ್ಯತೆಯೇ ಹೆಚ್ಚು. 'ಪ್ರೀನಿಲಿ' ಅದರಲ್ಲಿ ಒಂದು. ಒತ್ತು ಮೊದಲನೇ ಸ್ವರಕ್ಕೆ ಬೀಳಬೇಕು, ಹೊಸಬರು ಮಧ್ಯಕ್ಕೆ ಹಾಕುತ್ತಾರೆ.

## 'ನಜ಼್ದರೋವ್ಯೆ' ಮತ್ತು 'ಗೋರ್ಕ'

ಸಿನಿಮಾ ನೋಡಿದವರಿಗೆ ಗ್ಲಾಸ್ ಎತ್ತಿದ ಕೂಡಲೇ 'ನ ಜ಼್ದರೋವ್ಯೆ' ಎನ್ನಬೇಕು ಅನ್ನಿಸುತ್ತದೆ. ರಷ್ಯನ್ನರು ಟೋಸ್ಟಿಗೆ ಹಾಗೆ ಹೇಳುವುದಿಲ್ಲ. ಊಟ ಬಡಿಸಿದವರಿಗೆ ನೀವು ಥ್ಯಾಂಕ್ಸ್ ಹೇಳಿದಾಗ ಅವರು ಕೊಡುವ ಉತ್ತರ ಅದು. ಗ್ಲಾಸ್ ಎತ್ತುವಾಗ 'ಜ಼ ವಾಸ್' ಅಥವಾ 'ವಾಶೆ ಜ಼್ದರೋವ್ಯೆ' ಎನ್ನುತ್ತಾರೆ.

ಕುಡಿಯದವರು ಏನು ಮಾಡಬೇಕು? ಗ್ಲಾಸಿನಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಖಾಲಿ ಇರಬಾರದು ಎನ್ನುವುದು ಮುಖ್ಯ. ಹಣ್ಣು ಬೇಯಿಸಿ ಮಾಡುವ 'ಕಂಪೋತ್', ಕಾಡಿನ ಹಣ್ಣಿನ 'ಮೋರ್ಸ್' ಮೇಜಿನ ಮೇಲೆ ಸಾಮಾನ್ಯವಾಗಿ ಇರುತ್ತವೆ. ಅದನ್ನು ತುಂಬಿಸಿಕೊಂಡು ಏಳಿ. ಹತ್ತಿರದ ಒಬ್ಬಿಬ್ಬರಿಗೆ ಹುಡುಗಿ ಮುಂಚೆಯೇ 'ಇವನು ಕುಡಿಯಲ್ಲ' ಎಂದು ಹೇಳಿಟ್ಟಿದ್ದರೆ ಬಲವಂತವೂ ಕಮ್ಮಿ.

ಟೋಸ್ಟ್ ಜೊತೆ ಅತ್ತೆಗೆ ಹೂವು ಕೊಡುವ ಯೋಚನೆ ಇದ್ದರೆ ಎಣಿಸಿ ಕೊಡಿ. ಬೆಸ ಸಂಖ್ಯೆಯಲ್ಲಿರಬೇಕು: ಐದು, ಏಳು, ಹೀಗೆ. ಸಮ ಸಂಖ್ಯೆಯ ಹೂವು ಅಲ್ಲಿ ಸಾವಿನ ಮನೆಗೆ.

ಮಾತು ಮುಗಿಸಿ ಮೊದಲು ಅತ್ತೆ ಮಾವನ ಹತ್ತಿರ ಹೋಗಿ ಗ್ಲಾಸ್ ತಾಗಿಸಿ. ಆಗ ಯಾರಾದರೂ 'ಗೋರ್ಕ! ಗೋರ್ಕ!' ಎಂದು ಕೂಗಿದರೆ ನಿಮ್ಮ ರಷ್ಯನ್ ಕೆಟ್ಟದಾಗಿತ್ತು ಎಂದು ತಿಳಿಯಬೇಡಿ. ಆ ಪದಕ್ಕೆ ಕಹಿ ಎಂದರ್ಥ. ವೈನ್ ಕಹಿಯಾಗಿದೆ, ಮದುಮಕ್ಕಳು ಮುತ್ತು ಕೊಟ್ಟು ಸಿಹಿ ಮಾಡಲಿ ಎಂಬ ಹಳೆಯ ತಮಾಷೆ. ಇಬ್ಬರೂ ಎದ್ದು ನಿಂತು ಮುತ್ತು ಕೊಡಬೇಕು, ಉಳಿದವರು 'ರಾಜ಼್, ದ್ವಾ, ತ್ರೀ' ಎಂದು ಎಣಿಸುತ್ತಾರೆ. ಊರಿಂದ ಅಜ್ಜಿ ಬಂದಿದ್ದರೆ ಇದನ್ನೂ ಮೊದಲೇ ಹೇಳಿಡುವುದು ಕ್ಷೇಮ.

## ಹುಡುಗನ ಅಪ್ಪ ಅಮ್ಮನಿಗೂ ಮೈಕ್ ಕೊಟ್ಟರೆ

ಕೊಡುತ್ತಾರೆ. ಎರಡೂ ಕಡೆಯ ಹಿರಿಯರು ಮಾತಾಡಲಿ ಎಂದು ನಿರೂಪಕ ಬಯಸುತ್ತಾನೆ. ರಷ್ಯನ್‌ನಲ್ಲಿ ಹುಡುಗನ ಅಪ್ಪ ಅಮ್ಮ, ಹುಡುಗಿಯ ಅಪ್ಪ ಅಮ್ಮ ಪರಸ್ಪರ 'ಸ್ವಾತಿ'. ನಮ್ಮ ಬೀಗರು ಎಂಬುದಕ್ಕೆ ಸರಿಯಾದ ಜೋಡಿ ಇದು, ಆ ಸಂಬಂಧವನ್ನು ಅವರಿಗೆ ಬಿಡಿಸಿ ಹೇಳುವ ಕಷ್ಟ ಇಲ್ಲ.

ಅವರು ಕನ್ನಡದಲ್ಲೇ ಮಾತಾಡಲಿ. ಒಂದು ವಾಕ್ಯ ಹೇಳಿ ನಿಲ್ಲಿಸಲಿ, ಹುಡುಗಿಯೋ ಅವಳ ಗೆಳತಿಯೋ ರಷ್ಯನ್‌ನಲ್ಲಿ ಹೇಳಲಿ, ಆಮೇಲೆ ಮುಂದಿನ ವಾಕ್ಯ. ನಾಲ್ಕೈದು ವಾಕ್ಯ ಒಟ್ಟಿಗೆ ಹೇಳಿಬಿಟ್ಟರೆ ಅನುವಾದ ಮಾಡುವವರಿಗೆ ಅರ್ಧ ಮರೆತುಹೋಗಿರುತ್ತದೆ. ಕೊನೆಗೆ ರಷ್ಯನ್‌ನಲ್ಲಿ ಒಂದೇ ಮಾತು ಕಲಿತು ಹೇಳಿದರೆ ಸಾಕು: 'ಸ್ಪಸೀಬ ಜ಼ ದೋಚ್'. ಮಗಳಿಗಾಗಿ ಥ್ಯಾಂಕ್ಸ್ ಎಂದು. ಅಲ್ಲಿನ ಮದುವೆಗಳಲ್ಲಿ ಹುಡುಗನ ಕಡೆಯವರು ಹೇಳುವ ಮಾತೇ ಇದು. 'ದೋಚ್' ಆದಮೇಲೆ ಮಾತ್ರ 'ಉ' ಸೇರಿಸಬೇಡಿ.